ಶೇ. 125ರ ಗೆರೆ: ಬಿಒಕ್ಯು ಮತ್ತು ವೇರಿಯೇಶನ್ ಓದುವ ಬಗೆ

ಕೊಳ್ಳೇಗಾಲದಿಂದ ಯಳಂದೂರಿನ ಕಡೆ ಹೋದರೆ ಗದ್ದೆ ಬಯಲು, ಸುವರ್ಣಾವತಿಯ ನೀರು, ಎರಡು ಗುದ್ದಲಿ ಆಳಕ್ಕೇ ಒದ್ದೆಯಾಗುವ ಮಣ್ಣು ಸಿಗುತ್ತದೆ. ಹನೂರಿನ ಕಡೆ ತಿರುಗಿದರೆ ಮಲೆ ಮಹದೇಶ್ವರ ಬೆಟ್ಟದ ಸಾಲು ಹತ್ತಿರವಾಗುತ್ತ ಹೋಗುತ್ತದೆ, ಹೊಲದ ಬದುಗಳಲ್ಲೇ ಬಂಡೆ ತಲೆಯೆತ್ತಿರುತ್ತದೆ. ಈ ಮೂರು ತಾಲ್ಲೂಕುಗಳಲ್ಲಿ ಕಾಮಗಾರಿ ಮಾಡಿಸುವವರಿಗೆ ನೆಲದೊಳಗೆ ಏನಿದೆ ಎಂಬುದು ಅಗೆದ ಮೇಲೆಯೇ ಪೂರ್ತಿ ಗೊತ್ತಾಗುವುದು. ಆದರೆ ಕರಾರಿಗೆ ಸಹಿ ಬೀಳಬೇಕಾದದ್ದು ಅಗೆಯುವುದಕ್ಕಿಂತ ಮೊದಲು. ಗೊತ್ತಿಲ್ಲದ ನೆಲಕ್ಕೆ ಗೊತ್ತಿರುವ ಬೆಲೆ ಕಟ್ಟುವುದು ಹೇಗೆ? ಈ ಪ್ರಶ್ನೆಗೆ ಇಂಗ್ಲಿಷ್ ಕರಾರು ಪುಸ್ತಕದ ಎರಡು ಭಾಗಗಳು ಸೇರಿ ಉತ್ತರ ಕೊಡುತ್ತವೆ. ಒಂದು ಬಿಲ್ ಆಫ್ ಕ್ವಾಂಟಿಟೀಸ್, ಅಂದರೆ ಸೈಟಿನಲ್ಲಿ ಎಲ್ಲರೂ ಬಿಒಕ್ಯು ಎನ್ನುವ ಪಟ್ಟಿ. ಇನ್ನೊಂದು ವೇರಿಯೇಶನ್ ಷರತ್ತುಗಳು.

ಹೊಸದಾಗಿ ಸೈಟಿಗೆ ಬಂದ ಇಂಜಿನಿಯರುಗಳು ಡ್ರಾಯಿಂಗನ್ನು ಚೆನ್ನಾಗಿ ಓದುತ್ತಾರೆ. ಕರಾರು ಪುಸ್ತಕವನ್ನು ಬಿಲ್ಲಿಗೆ ತಕರಾರು ಬಂದ ದಿನ ತೆರೆಯುತ್ತಾರೆ. ಆದ್ದರಿಂದ ಇಲ್ಲಿ ಒಂದೇ ಗುಂಡಿಯನ್ನು ಹಿಡಿದುಕೊಂಡು ಆ ಷರತ್ತುಗಳನ್ನು ನಿಧಾನವಾಗಿ ಓದೋಣ. ಆಧಾರಕ್ಕೆ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಸ್ಟ್ಯಾಂಡರ್ಡ್ ಟೆಂಡರ್ ಡಾಕ್ಯುಮೆಂಟುಗಳಲ್ಲಿ ಒಂದಾದ ಕೆ.ಡಬ್ಲ್ಯು.-4 ಅನ್ನು ಇಟ್ಟುಕೊಂಡಿದ್ದೇನೆ. 1999ರ ಪಾರದರ್ಶಕತೆ ಅಧಿನಿಯಮದ ಅಡಿಯಲ್ಲಿ ಟೆಂಡರ್ ಕರೆಯುವ ಇಲಾಖೆಗಳವರಿಗೆ ಇದು ಪರಿಚಿತ ಪುಸ್ತಕ. ಅದರಲ್ಲಿ 34ನೇ ಷರತ್ತು ಬಿಒಕ್ಯುವಿಗೆ, 35 ವೇರಿಯೇಶನ್ನಿಗೆ, 36 ವೇರಿಯೇಶನ್ನಿನ ಹಣಕ್ಕೆ ಸಂಬಂಧಿಸಿದ್ದು. ನಿಮ್ಮ ಕರಾರಿನಲ್ಲಿ ಸಂಖ್ಯೆಯೋ ಮಾತೋ ಬೇರೆ ಇದ್ದರೆ ನಿಮಗೆ ಅನ್ವಯಿಸುವುದು ನಿಮ್ಮ ಪುಸ್ತಕವೇ.

ಊಹೆ ಯಾವುದು, ಮಾತು ಯಾವುದು

ಬಿಒಕ್ಯುವಿನಲ್ಲಿ ಕ್ರಮಸಂಖ್ಯೆ, ಐಟಂನ ವಿವರಣೆ, ಪ್ರಮಾಣ, ಯೂನಿಟ್, ದರ, ಮೊತ್ತ ಎಂಬ ಅಂಕಣಗಳಿರುತ್ತವೆ. ನೋಡಲು ಎಲ್ಲವೂ ಒಂದೇ ತೂಕದವು ಎನ್ನಿಸುತ್ತದೆ. ಆದರೆ ಪ್ರಮಾಣ ಎಂಬುದು ಇಲಾಖೆಯ ಊಹೆ. ಅಂದಾಜುಪಟ್ಟಿ ಮಾಡಿದವರು ಡ್ರಾಯಿಂಗ್ ನೋಡಿ, ಒಂದೆರಡು ಟ್ರಯಲ್ ಪಿಟ್ ತೆಗೆಸಿ, ಅಕ್ಕಪಕ್ಕದ ಬಾವಿ ನೋಡಿ ಬರೆದದ್ದು. ದರ ಎಂಬುದು ಗುತ್ತಿಗೆದಾರ ಕೊಟ್ಟ ಮಾತು. 34ನೇ ಷರತ್ತು ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟುತ್ತದೆ: ಗುತ್ತಿಗೆದಾರನಿಗೆ ಹಣ ಸಲ್ಲುವುದು ಅವನು ನಿಜವಾಗಿ ಮಾಡಿದ ಪ್ರಮಾಣಕ್ಕೆ, ಆಯಾ ಐಟಂಗೆ ಬಿಒಕ್ಯುವಿನಲ್ಲಿರುವ ದರದಂತೆ. ಊಹೆ ತಪ್ಪಿದರೆ ಅಳತೆ ಅದನ್ನು ತಿದ್ದುತ್ತದೆ, ದರ ಮಾತ್ರ ನಿಂತೇ ಇರುತ್ತದೆ. ಕೊನೆಗೆ ಬರೆದ ಒಟ್ಟು ಮೊತ್ತ ಟೆಂಡರುಗಳನ್ನು ಹೋಲಿಸಿ ನೋಡಲು, ಕರಾರಿನ ಬೆಲೆ ಗೊತ್ತುಮಾಡಲು ಬೇಕಾದದ್ದು. ಫೈನಲ್ ಬಿಲ್ ಅಷ್ಟಕ್ಕೇ ನಿಲ್ಲುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಊಹೆ ಸ್ವಲ್ಪ ತಪ್ಪಿದಾಗ ಈ ಏರ್ಪಾಟು ಸೊಗಸಾಗಿ ನಡೆಯುತ್ತದೆ. ತುಂಬಾ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಹನೂರಿನ ಕಡೆ ಹೋಗಬೇಕು.

ಹನೂರಿನ ಗುಂಡಿ

ಹನೂರು ತಾಲ್ಲೂಕಿನ ಒಂದು ಹಳ್ಳಿಗೆ ಕುಡಿಯುವ ನೀರಿನ ಸಂಪ್ ಕಟ್ಟಬೇಕು ಎಂದುಕೊಳ್ಳಿ. ಇದು ಲೆಕ್ಕಕ್ಕೆಂದು ನಾನು ಕಟ್ಟಿಕೊಂಡ ಉದಾಹರಣೆ. ದರಗಳನ್ನೂ ಲೆಕ್ಕ ಹಗುರವಾಗಲೆಂದು ದುಂಡಗೆ ಇಟ್ಟಿದ್ದೇನೆ. ಗುಂಡಿಯ ಅಳತೆ 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಆಳ, ಒಟ್ಟು 320 ಘನ ಮೀಟರ್. ಮೇಲಿನ ಟ್ಯಾಂಕಿನಿಂದ ನೀರು ತಾನಾಗಿಯೇ ಇಳಿದು ಬರಬೇಕಾದ್ದರಿಂದ ತಳದ ಮಟ್ಟವನ್ನು ಸುಮ್ಮನೆ ಮೇಲೆತ್ತುವ ಹಾಗಿಲ್ಲ. ಅಂದಾಜು ಮಾಡಿದವರು ಮೂರು ಮೀಟರಿನವರೆಗೆ ಮಣ್ಣು, ಕೊನೆಯ ಒಂದು ಮೀಟರ್ ಗಟ್ಟಿ ಬಂಡೆ ಎಂದು ಹಿಡಿದರು. ಹೀಗಾಗಿ ಬಿಒಕ್ಯುವಿನಲ್ಲಿ ಮಣ್ಣಿನ ಅಗೆತ 240 ಘನ ಮೀಟರ್, ಗಟ್ಟಿ ಬಂಡೆಯ ಅಗೆತ 80 ಘನ ಮೀಟರ್ ಎಂದಾಯಿತು. ಮನೆಗಳು ಹತ್ತಿರವಿರುವುದರಿಂದ ಸಿಡಿಮದ್ದು ಬಳಸುವಂತಿಲ್ಲ, ಬ್ರೇಕರ್ ಹಚ್ಚಿಯೋ ಆಪು ಹೊಡೆದೋ ಒಡೆಯಬೇಕು ಎಂದು ಐಟಂನ ವಿವರಣೆಯಲ್ಲೇ ಇದೆ.

ಇಲಾಖೆಯ ದರಪಟ್ಟಿಯಲ್ಲಿ, ಅಂದರೆ ಎಸ್.ಆರ್.ನಲ್ಲಿ, ಮಣ್ಣಿಗೆ ಘನ ಮೀಟರಿಗೆ 200 ರೂಪಾಯಿ, ಬಂಡೆಗೆ 1,000 ರೂಪಾಯಿ ಇದೆ ಎಂದಿಟ್ಟುಕೊಳ್ಳೋಣ. ಟೆಂಡರಿಗೆ ಮುಂಚೆ ಜಾಗ ನೋಡಲು ಬಂದ ಗುತ್ತಿಗೆದಾರ ಅನುಭವಿ. ಪಕ್ಕದ ತೋಟದ ಬಾವಿಯನ್ನು ಬಗ್ಗಿ ನೋಡಿದ. ಕಲ್ಲು ಒಂದೂವರೆ ಮೀಟರಿಗೇ ಶುರುವಾಗಿತ್ತು. ಬಿಒಕ್ಯುವಿನ 80 ಎಂಬುದು ನಿಲ್ಲುವ ಅಂಕಿಯಲ್ಲ ಎಂದು ಅವನಿಗೆ ಅಲ್ಲೇ ಗೊತ್ತಾಯಿತು. ಮನೆಗೆ ಹೋಗಿ ಬಂಡೆಗೆ 1,600 ರೂಪಾಯಿ, ಮಣ್ಣಿಗೆ 150 ರೂಪಾಯಿ ಎಂದು ದರ ತುಂಬಿದ. ಬಂಡೆಯಲ್ಲಿ ಏರಿಸಿದ್ದನ್ನು ಮಣ್ಣಿನಲ್ಲಿ, ಪ್ಲಾಸ್ಟರಿಂಗ್‌ನಲ್ಲಿ, ಬಣ್ಣದಲ್ಲಿ ಅಷ್ಟಷ್ಟು ಇಳಿಸಿದ. ಒಟ್ಟು ಮೊತ್ತ ಎಸ್.ಆರ್. ಲೆಕ್ಕಕ್ಕಿಂತ ಶೇ. 5 ಕಡಿಮೆಗೆ ಬಂತು, ಟೆಂಡರ್ ಅವನದಾಯಿತು. ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಇಲಾಖೆಯ ಊಹೆಗಿಂತ ತನ್ನ ಊಹೆ ಮೇಲು ಎಂದು ಅವನು ಪಂದ್ಯ ಕಟ್ಟಿದ್ದಾನೆ, ಅಷ್ಟೆ. ಇಂಥ ಏರುಪೇರು ದರಗಳ ಟೆಂಡರನ್ನು ಇಂಗ್ಲಿಷಿನಲ್ಲಿ ಅನ್‌ಬ್ಯಾಲೆನ್ಸ್ಡ್ ಎನ್ನುತ್ತಾರೆ. ಏರುಪೇರು ಅತಿಯಾಗಿ ಕಂಡರೆ ಟೆಂಡರ್ ಪರಿಶೀಲನೆಯ ಹಂತದಲ್ಲೇ ದರದ ವಿಶ್ಲೇಷಣೆ ಕೇಳಲು, ಭದ್ರತಾ ಠೇವಣಿ ಹೆಚ್ಚಿಸಲು ಪುಸ್ತಕದಲ್ಲಿ ಅವಕಾಶವಿದೆ. ಒಂದು ಐಟಂನ ಏರುಪೇರು ಅಲ್ಲಿ ಕಣ್ಣಿಗೆ ಬೀಳದೆ ದಾಟಿಬಿಡುವುದುಂಟು.

ಕೆಲಸ ಶುರುವಾಯಿತು. ಜೆಸಿಬಿ ಒಂದೂವರೆ ಮೀಟರ್ ಇಳಿಯುವುದರೊಳಗೆ ಬಕೆಟ್ ಕಿರುಗುಟ್ಟಿತು. ಮೇಸ್ತ್ರಿ ಫೋನ್ ಮಾಡಿದ: “ಸಾರ್, ಬಂಡೆ ಸಿಕ್ತು.” ಲೆಕ್ಕ ಹಾಕಿದರೆ ಮಣ್ಣು 120 ಘನ ಮೀಟರ್, ಬಂಡೆ 200 ಘನ ಮೀಟರ್. ಬಿಒಕ್ಯುವಿನ 80ರ ಎರಡೂವರೆ ಪಟ್ಟು.

ಗೆರೆಯ ಈಚೆ, ಗೆರೆಯ ಆಚೆ

ಈಗ 36ನೇ ಷರತ್ತನ್ನು ತೆರೆಯಿರಿ. ಮೊದಲ ಉಪಷರತ್ತು ಹೇಳುವುದಿಷ್ಟು: ಬಿಒಕ್ಯುವಿನಲ್ಲಿರುವ ಪ್ರಮಾಣ ಶೇ. 25ರವರೆಗೆ ಹೆಚ್ಚಾದರೆ ಗುತ್ತಿಗೆದಾರ ಹಾಕಿದ ದರವೇ ಸಲ್ಲುತ್ತದೆ. ಎರಡನೆಯದು: ಶೇ. 125ನ್ನು ಮೀರಿದ ಭಾಗಕ್ಕೆ ಅವನ ದರ ಸಲ್ಲದು. ಎಸ್.ಆರ್. ದರ ತೆಗೆದುಕೊಂಡು, ಅದಕ್ಕೆ ಒಟ್ಟು ಟೆಂಡರಿನ ಶೇಕಡಾವಾರು ಏರಿಕೆಯನ್ನು ಕೂಡಿಸಬೇಕು ಅಥವಾ ಇಳಿಕೆಯನ್ನು ಕಳೆಯಬೇಕು.

ನಮ್ಮ ಗುಂಡಿಗೆ ಇದನ್ನು ಹಚ್ಚೋಣ. 80ರ ಶೇ. 125 ಎಂದರೆ 100 ಘನ ಮೀಟರ್. ಮೊದಲ 100ಕ್ಕೆ 1,600 ರೂಪಾಯಿಯಂತೆ 1,60,000. ಉಳಿದ 100ಕ್ಕೆ ಎಸ್.ಆರ್. ದರ 1,000ದಲ್ಲಿ ಶೇ. 5 ಕಳೆದು 950 ರೂಪಾಯಿಯಂತೆ 95,000. ಒಟ್ಟು 2,55,000 ರೂಪಾಯಿ. ಇಡೀ 200ಕ್ಕೂ 1,600 ಕೊಟ್ಟಿದ್ದರೆ 3,20,000 ಆಗುತ್ತಿತ್ತು. ನಡುವಿನ ಅಂತರ 65,000. ಗುತ್ತಿಗೆದಾರ ಕಟ್ಟಿದ ಪಂದ್ಯದಲ್ಲಿ ಒಂದಷ್ಟು ಗೆದ್ದ. ಆದರೆ ಬಂಡೆ ಎಷ್ಟು ಆಳಕ್ಕೆ ಇದ್ದರೆ ಅಷ್ಟೂ ಗೆಲ್ಲುವ ಹಾಗಿಲ್ಲ.

ಇದು ಇಲಾಖೆಯ ಪರವಾದ ಷರತ್ತು ಎನ್ನಿಸಿದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಇನ್ನೊಬ್ಬ ಗುತ್ತಿಗೆದಾರ ಬಾವಿ ನೋಡದೆ, ಪೈಪೋಟಿಯ ಬಿಸಿಯಲ್ಲಿ ಬಂಡೆಗೆ 700 ರೂಪಾಯಿ ಹಾಕಿಬಿಟ್ಟಿದ್ದಾನೆ ಎನ್ನಿ, ಒಟ್ಟು ಟೆಂಡರ್ ಅದೇ ಶೇ. 5 ಕಡಿಮೆ. 80 ಘನ ಮೀಟರಿನಲ್ಲಿ ಆಗುವ ನಷ್ಟವನ್ನು ಅವನು ಬೇರೆ ಐಟಂಗಳಲ್ಲಿ ಸರಿದೂಗಿಸಿಕೊಳ್ಳಬಹುದಿತ್ತು. 200ರಲ್ಲಿ ಮುಳುಗಿಹೋಗುತ್ತಾನೆ. ಷರತ್ತಿನಂತೆ ಮೊದಲ 100ಕ್ಕೆ ಅವನಿಗೆ 70,000 ಸಿಗುತ್ತದೆ, ಅದು ಅವನದೇ ಮಾತು, ನುಂಗಿಕೊಳ್ಳಬೇಕು. ಮುಂದಿನ 100ಕ್ಕೆ 95,000 ಸಿಗುತ್ತದೆ. ಒಟ್ಟು 1,65,000. ಎಲ್ಲಕ್ಕೂ 700 ಎಂದಿದ್ದರೆ 1,40,000 ಮಾತ್ರ. ಹೀಗೆ ಜಾಣನ ಲಾಭಕ್ಕೂ ಅವಸರಗಾರನ ನಷ್ಟಕ್ಕೂ ಒಂದೇ ಗೆರೆ ಎಲ್ಲೆ ಹಾಕುತ್ತದೆ. ಯಾರ ಉದ್ದೇಶ ಏನಿತ್ತು ಎಂದು ವಿಚಾರಣೆ ಮಾಡದೆಯೇ ಈ ಕೆಲಸ ಆಗುತ್ತದೆ. ಈ ಎರಡು ಸಾಲುಗಳನ್ನು ಬರೆದವರ ಕಸುಬುಗಾರಿಕೆ ಇರುವುದು ಇಲ್ಲಿ.

ಆ ಶೇಕಡಾ ಯಾವುದು, ಆ ಎಸ್.ಆರ್. ಯಾವ ವರ್ಷದ್ದು

ಹೊಸಬರು ಎಡವುವುದು ಎರಡು ಕಡೆ. ಮೊದಲನೆಯದು ಶೇಕಡಾ. ಬಂಡೆಯ ಐಟಂನಲ್ಲಿ ಗುತ್ತಿಗೆದಾರ ಎಸ್.ಆರ್.ಗಿಂತ ಶೇ. 60 ಹೆಚ್ಚು ಹಾಕಿದ್ದಾನೆ, ಆದ್ದರಿಂದ ಹೆಚ್ಚುವರಿಗೂ ಎಸ್.ಆರ್. ಮೇಲೆ ಶೇ. 60 ಸೇರಿಸಬೇಕು ಎಂದು ಲೆಕ್ಕ ಹಾಕಿದರೆ ಮತ್ತೆ 1,600ಕ್ಕೇ ಬಂದು ನಿಲ್ಲುತ್ತೀರಿ. ಗೆರೆ ಎಳೆದೂ ಎಳೆಯದಂತಾಯಿತು. ಷರತ್ತಿನಲ್ಲಿ ಓವರಾಲ್ ಪರ್ಸೆಂಟೇಜ್ ಎಂಬ ಮಾತು ಇರುವುದು ಇದಕ್ಕೇ. ಬಿಒಕ್ಯುವಿನ ಎಲ್ಲ ಐಟಂಗಳನ್ನೂ ಎಸ್.ಆರ್. ದರದಲ್ಲಿ ಲೆಕ್ಕ ಹಾಕಿದಾಗ ಬರುವ ಮೊತ್ತ ಒಂದು ಕೋಟಿ, ಗುತ್ತಿಗೆದಾರನ ಮೊತ್ತ 95 ಲಕ್ಷ ಎಂದಾದರೆ ಶೇಕಡಾ ಎಂದರೆ ಆ 5, ಅದೂ ಇಳಿಕೆಯದು. ಒಂದು ಐಟಂನಲ್ಲಿ ಅವನು ಏರಿಸಿದ್ದು ಇಳಿಸಿದ್ದು ಈ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಎರಡನೆಯದು ವರ್ಷ. ಕೆಲಸ ಎರಡು ವರ್ಷ ಎಳೆದಿದೆ, ನಡುವೆ ಹೊಸ ಎಸ್.ಆರ್. ಬಂದಿದೆ, ಬಂಡೆಯ ದರ ಏರಿದೆ. ಗುತ್ತಿಗೆದಾರ ಹೊಸದರ ಪುಟ ತೋರಿಸುತ್ತಾನೆ. ಷರತ್ತು ಕೇಳುವುದು ಕಾಮಗಾರಿಯ ಪ್ರದೇಶಕ್ಕೆ ಅನ್ವಯಿಸುವ, ಕರಾರು ಕೊಟ್ಟ ಕಾಲದಲ್ಲಿ ಜಾರಿಯಲ್ಲಿದ್ದ ಎಸ್.ಆರ್. ದರವನ್ನು. ಶೇಕಡಾವನ್ನು ಲೆಕ್ಕ ಹಾಕುವುದೂ ಟೆಂಡರ್ ಒಪ್ಪಿದ ವರ್ಷದ ಎಸ್.ಆರ್. ಜೊತೆ ಹೋಲಿಸಿಯೇ. ಅಂದಾಜುಪಟ್ಟಿ ಹಿಂದಿನ ಎಸ್.ಆರ್.ನಲ್ಲಿ ತಯಾರಾಗಿ, ಟೆಂಡರ್ ಒಪ್ಪುವ ಹೊತ್ತಿಗೆ ಹೊಸದು ಬಂದಿದ್ದರೆ ಶೇಕಡಾವೇ ಬೇರೆಯಾಗುತ್ತದೆ. ಆದ್ದರಿಂದ ಅಂದಾಜುಪಟ್ಟಿಯ ಮೇಲೆ ಬರೆದ ಶೇಕಡಾವನ್ನು ಹಾಗೆಯೇ ಎತ್ತಿ ಹಾಕುವ ಮುಂಚೆ ಎರಡೂ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಒಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಐಟಂಗೊಂದು ದರ ತುಂಬದೆ, ಇಡೀ ಪಟ್ಟಿಗೆ ಒಂದೇ ಶೇಕಡಾ ಹೇಳುವ ಟೆಂಡರುಗಳೂ ಇವೆ. ಅಲ್ಲಿ ಪ್ರತಿ ಐಟಂನ ದರವೂ ಅದೇ ಶೇಕಡಾದಲ್ಲಿ ಏರಿಳಿದಿರುವುದರಿಂದ, ಪಟ್ಟಿಯಲ್ಲಿರುವುದು ಅದೇ ವರ್ಷದ ಎಸ್.ಆರ್. ದರಗಳೇ ಆಗಿದ್ದರೆ, ಗೆರೆಯ ಈಚೆಗೂ ಆಚೆಗೂ ದರದಲ್ಲಿ ವ್ಯತ್ಯಾಸ ಬರುವುದಿಲ್ಲ.

ಒಂಬತ್ತು ಅಳತೆ

ಈ ಲೆಕ್ಕವೆಲ್ಲ ನಿಂತಿರುವುದು 200 ಎಂಬ ಒಂದು ಅಂಕಿಯ ಮೇಲೆ. ಆ ಅಂಕಿ ಹುಟ್ಟುವುದು ಸೈಟ್ ಇಂಜಿನಿಯರನ ಕೈಯಲ್ಲಿ, ಅದೂ ಬಹಳ ಸಣ್ಣ ಅವಧಿಯಲ್ಲಿ. ಮಣ್ಣು ತೆಗೆದಾಗಿದೆ, ಬಂಡೆ ಕಾಣುತ್ತಿದೆ, ಬ್ರೇಕರ್ ಇನ್ನೂ ಮುಟ್ಟಿಲ್ಲ. ಬಂಡೆಯ ಮೇಲ್ಮೈ ನೆಲೆಯಾಗಿ ಸಿಗುವುದು ಆಗ ಮಾತ್ರ. ಅರ್ಧ ದಿನ ಬ್ರೇಕರ್ ಓಡಿದರೆ ಅದು ಎಲ್ಲಿತ್ತು ಎಂದು ಯಾರೂ ಖಚಿತವಾಗಿ ಹೇಳಲಾರರು.

ಮಾಡಬೇಕಾದ್ದು ಇಷ್ಟು. ಅಗೆಯುವ ಮುಂಚೆ ನೆಲದ ಲೆವೆಲ್‌ಗಳನ್ನು ಗುತ್ತಿಗೆದಾರನ ಕಡೆಯವರ ಎದುರಿಗೇ ತೆಗೆದು ಇಬ್ಬರೂ ಸಹಿ ಹಾಕಿರಬೇಕು. ಬಂಡೆ ಸಿಕ್ಕ ಕೂಡಲೇ ಕೆಲಸ ನಿಲ್ಲಿಸಿ, ಗುಂಡಿಯ ಉದ್ದಗಲಕ್ಕೆ ಮೂರು ಸಾಲು, ಸಾಲಿಗೆ ಮೂರು ಬಿಂದುವಿನಂತೆ ಒಂಬತ್ತು ಕಡೆ ಸ್ಟಾಫ್ ಹಿಡಿಸಿ ಲೆವೆಲ್ ತೆಗೆಯಬೇಕು. ನಮ್ಮ ಗುಂಡಿಯಲ್ಲಿ ನೆಲಮಟ್ಟದಿಂದ ಬಂಡೆಯ ತಲೆಗೆ ಸಿಕ್ಕ ಆಳಗಳು ಹೀಗಿವೆ ಎನ್ನಿ: ಮೊದಲ ಸಾಲಿನಲ್ಲಿ 1.20, 1.35, 1.50. ನಡುವಿನ ಸಾಲಿನಲ್ಲಿ 1.40, 1.55, 1.60. ಕೊನೆಯ ಸಾಲಿನಲ್ಲಿ 1.50, 1.65, 1.75. ಒಟ್ಟು 13.50, ಒಂಬತ್ತರಿಂದ ಭಾಗಿಸಿದರೆ ಸರಾಸರಿ 1.50 ಮೀಟರ್. ನಾಲ್ಕರಲ್ಲಿ ಅದನ್ನು ಕಳೆದರೆ ಬಂಡೆಯ ದಪ್ಪ 2.50, ಗುಂಡಿಯ 80 ಚದರ ಮೀಟರಿಗೆ 200 ಘನ ಮೀಟರ್. ತಳ ಮುಟ್ಟಿದ ಮೇಲೆ ಅದೇ ಒಂಬತ್ತು ಬಿಂದುಗಳಲ್ಲಿ ಮತ್ತೆ ಲೆವೆಲ್ ತೆಗೆದು, ಎಲ್ಲವನ್ನೂ ಎಂ.ಬಿ.ಗೆ, ಅಂದರೆ ಅಳತೆ ಪುಸ್ತಕಕ್ಕೆ ಏರಿಸಬೇಕು. ಪ್ರತಿ ಹಂತದಲ್ಲೂ ಸ್ಟಾಫಿನ ಅಂಕಿ ಕಾಣುವಂತೆ ದಿನಾಂಕವಿರುವ ಫೋಟೋ ಇರಲಿ.

ಆ ಒಂಬತ್ತು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಬಂಡೆ ಇಳಿಜಾರಾಗಿದೆ. ನಿಜವಾದ ಬಂಡೆ ಹೀಗೆಯೇ ಇರುತ್ತದೆ. ಎಲ್ಲ ಕಡೆಯೂ 1.50 ಎಂದು ಬರೆದ ಎಂ.ಬಿ. ನೋಡಿದರೆ ಮೇಲಿನ ಅಧಿಕಾರಿಗೆ, ಆಮೇಲೆ ಬರುವ ಆಡಿಟ್‌ನವರಿಗೆ ಅದು ಮೇಜಿನ ಮೇಲೆ ಹುಟ್ಟಿದ ಅಳತೆ ಎಂದು ಗೊತ್ತಾಗುತ್ತದೆ. ಅಂಕಿ ಸರಿಯೇ ಇದ್ದರೂ ನಂಬುವವರು ಸಿಗುವುದಿಲ್ಲ.

ಮಣ್ಣು, ಬಂಡೆ ಬೆರೆತು ಬಂದು ಮೇಲ್ಮೈ ಸಿಗದೇ ಹೋದರೆ ಇನ್ನೊಂದು ದಾರಿಯಿದೆ. ತೆಗೆದ ಕಲ್ಲನ್ನು ಬೇರೆಯಾಗಿ ಸ್ಟ್ಯಾಕ್ ಮಾಡಿಸಿ ಅಳೆಯುವುದು. ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆಗಳ ಪ್ರಕಾರ ಸ್ಟ್ಯಾಕ್ ಅಳತೆಯಲ್ಲಿ ಅರ್ಧವನ್ನು ಪೊಳ್ಳಿಗೆಂದು ಕಳೆಯಬೇಕು. 100 ಘನ ಮೀಟರಿನ ರಾಶಿ ಎಂದರೆ ಬಿಲ್ಲಿಗೆ 50. ಆ ರಾಶಿಯನ್ನು ಅಳೆಯುವ ಮುಂಚೆಯೇ ಯಾರಾದರೂ ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರೆ ಆ ದಾರಿಯೂ ಮುಚ್ಚಿದಂತೆ.

ಅಳತೆಯ ಜೊತೆಗೆ, ಬಂಡೆ ಕಂಡ ದಿನವೇ ಮೇಲಕ್ಕೆ ಒಂದು ಪತ್ರ ಬರೆದರೆ ಇನ್ನೊಂದು ಉಪಯೋಗವೂ ಇದೆ. ವೇರಿಯೇಶನ್ ಎಂದರೆ ಹೆಚ್ಚಿಸುವುದು ಮಾತ್ರ ಎಂದು ಅನೇಕರ ಭಾವನೆ. 35ನೇ ಷರತ್ತು ಇಲಾಖೆಗೆ ಪ್ರಮಾಣ ಹೆಚ್ಚು ಕಡಿಮೆ ಮಾಡುವ, ಐಟಂ ಕೈಬಿಡುವ, ಗುಣಮಟ್ಟ ಬದಲಿಸುವ, ಮಟ್ಟ ಮತ್ತು ಜಾಗ ಬದಲಿಸುವ, ಹೊಸ ಐಟಂ ಸೇರಿಸುವ, ಕೆಲಸದ ಕ್ರಮವನ್ನೇ ಬದಲಿಸುವ ಅಧಿಕಾರ ಕೊಡುತ್ತದೆ. ಸಂಪನ್ನು ಹತ್ತು ಮೀಟರ್ ಆಚೆಗೆ ಸರಿಸಿದರೆ ಬಂಡೆ ತಪ್ಪುತ್ತದೆಯೇ, ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿದರೆ ನೀರು ಇಳಿದು ಬರುವುದಕ್ಕೆ ಅಡ್ಡಿಯಾಗುತ್ತದೆಯೇ ಎಂದು ಯೋಚಿಸಲು ಡಿಸೈನ್ ಮಾಡಿದವರಿಗೆ ಸಮಯ ಸಿಗುವುದು ಬ್ರೇಕರ್ ಹಚ್ಚುವ ಮುಂಚೆ ಮಾತ್ರ.

ಯಳಂದೂರಿನ ಕೆಸರು

ಇಲ್ಲಿಯವರೆಗೆ ನೋಡಿದ್ದು ಬಿಒಕ್ಯುವಿನಲ್ಲೇ ಇದ್ದ ಐಟಂ. ಪಟ್ಟಿಯಲ್ಲಿ ಇಲ್ಲದ್ದು ಎದುರಾದರೆ? ಯಳಂದೂರಿನ ಬಯಲಿನಲ್ಲಿ, ಗದ್ದೆಯ ಪಕ್ಕ ಒಂದು ಕಟ್ಟಡದ ಫುಟಿಂಗ್ ತೆಗೆಯುತ್ತಿದ್ದೀರಿ. ಡ್ರಾಯಿಂಗಿನ ಆಳಕ್ಕೆ ಹೋದರೂ ಕಾಲು ಹುಗಿಯುವ ಕೆಸರು. ಜೊತೆಗೆ ಪಕ್ಕದ ಕಾಲುವೆಯ ನೀರು ಜಿನುಗಿ ಗುಂಡಿ ತುಂಬುತ್ತಿದೆ. ಗುತ್ತಿಗೆದಾರ ಎರಡು ಬೇಡಿಕೆ ಇಡುತ್ತಾನೆ: ಪಂಪ್ ಹಚ್ಚಿ ನೀರು ತೆಗೆದದ್ದಕ್ಕೆ ಹಣ, ಕೆಸರು ತೆಗೆದು ಕಲ್ಲು ತುಂಬಿದ್ದಕ್ಕೆ ಹಣ. ಎರಡಕ್ಕೂ ಉತ್ತರ ಬೇರೆ ಬೇರೆ.

ಮೊದಲನೆಯದಕ್ಕೆ ಅಗೆತದ ಐಟಂನ ವಿವರಣೆಯನ್ನು ಕೊನೆಯವರೆಗೆ ಓದಬೇಕು. ಇಂಗ್ಲಿಷಿನ ಆ ಉದ್ದ ವಾಕ್ಯದಲ್ಲಿ ‘ಇನ್‌ಕ್ಲೂಡಿಂಗ್’ ಎಂಬ ಪದದ ನಂತರ ಬರುವುದೆಲ್ಲ ಅದೇ ದರದೊಳಗೆ ಸೇರಿದ ಕೆಲಸ. ಡೀವಾಟರಿಂಗ್ ಅಲ್ಲಿದ್ದರೆ ಪಂಪಿನ ಬಾಡಿಗೆ, ಡೀಸೆಲ್ ಎಲ್ಲವೂ ಘನ ಮೀಟರಿನ ದರದಲ್ಲೇ ಮುಗಿಯಿತು. ಎಷ್ಟು ನೀರು ಬಂದರೂ ಅದು ವೇರಿಯೇಶನ್ ಆಗುವುದಿಲ್ಲ. ಅಲ್ಲಿ ಆ ಮಾತಿಲ್ಲದೆ, ಡೀವಾಟರಿಂಗ್‌ಗೆ ಬೇರೆಯೇ ಐಟಂ ಇದ್ದರೆ ಅಥವಾ ಎಲ್ಲೂ ಪ್ರಸ್ತಾಪವೇ ಇಲ್ಲದಿದ್ದರೆ ಮಾತು ಬೇರೆ.

ಎರಡನೆಯದು ನಿಜವಾಗಿಯೂ ಹೊಸ ಕೆಲಸ. ಇದಕ್ಕೆ 36ನೇ ಷರತ್ತು ಮೆಟ್ಟಿಲು ಮೆಟ್ಟಿಲಾಗಿ ದಾರಿ ಹೇಳುತ್ತದೆ. ಬಿಒಕ್ಯುವಿನಲ್ಲಿರುವ ದರದಿಂದಲೋ ಎಸ್.ಆರ್.ನಿಂದಲೋ ಹೊಸ ಐಟಂನ ದರವನ್ನು ಕಟ್ಟಲು ಸಾಧ್ಯವೇ ಎಂದು ಮೊದಲು ನೋಡಬೇಕು. ಕಲ್ಲು ತುಂಬುವ ಐಟಂ ಎಸ್.ಆರ್.ನಲ್ಲಿ 1,400 ರೂಪಾಯಿ ಇದ್ದರೆ, ಹಿಂದಿನ ಉದಾಹರಣೆಯ ಶೇ. 5 ಇಳಿಕೆ ಹಚ್ಚಿ 1,330 ರೂಪಾಯಿ. ಎರಡರಲ್ಲೂ ದಾರಿ ಸಿಗದಿದ್ದರೆ ಮಾತ್ರ ಗುತ್ತಿಗೆದಾರನಿಂದ ಕೊಟೇಶನ್ ಕೇಳಬೇಕು, ಅವನು ದರದ ವಿಶ್ಲೇಷಣೆಯೊಂದಿಗೆ ಏಳು ದಿನದಲ್ಲಿ ಕೊಡಬೇಕು. ಅದು ಅತಿಯಾಯಿತು ಎನಿಸಿದರೆ ಇಲಾಖೆ ತನ್ನದೇ ಲೆಕ್ಕದಂತೆ ದರ ಗೊತ್ತುಮಾಡಿ ಆದೇಶ ಕೊಡಬಹುದು. ದರ ಇನ್ನೂ ತೀರ್ಮಾನವಾಗಿಲ್ಲ ಎಂಬ ಕಾರಣಕ್ಕೆ ಗುತ್ತಿಗೆದಾರ ಕೆಲಸ ನಿಲ್ಲಿಸುವಂತಿಲ್ಲ ಎಂದೂ ಕೊನೆಯಲ್ಲಿ ಬರೆದಿದೆ. ನಮ್ಮ ಕಚೇರಿಗಳಲ್ಲಿ ಹೀಗೆ ಕಟ್ಟಿದ ದರಗಳ ಪಟ್ಟಿಗೆ ಇ.ಐ.ಆರ್.ಎಲ್. ಎನ್ನುತ್ತಾರೆ. ಪ್ರಮಾಣದ ಹೆಚ್ಚುಕಡಿಮೆಯನ್ನೆಲ್ಲ ಸೇರಿಸಿ ಮೇಲಕ್ಕೆ ಕಳಿಸುವುದು ವರ್ಕ್ ಸ್ಲಿಪ್. ಕರಾರಿನಂತೆ ಹಣ ಸಲ್ಲಬೇಕು ಎನ್ನುವುದು ಒಂದು, ಅದನ್ನು ಕೊಡಲು ಇಲಾಖೆಯೊಳಗೆ ಮಂಜೂರಾತಿ ಸಿಗಬೇಕು ಎನ್ನುವುದು ಇನ್ನೊಂದು. ಷರತ್ತಿನ ಲೆಕ್ಕ ಎಷ್ಟು ಸರಿಯಿದ್ದರೂ ವರ್ಕ್ ಸ್ಲಿಪ್ ಹೋಗದಿದ್ದರೆ ಬಿಲ್ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕಲ್ಲು ತುಂಬುವ ಬದಲು, ಬಿಒಕ್ಯುವಿನಲ್ಲೇ ಇರುವ ಬೆಡ್ ಕಾಂಕ್ರೀಟನ್ನೇ ಇನ್ನಷ್ಟು ದಪ್ಪ ಹಾಕಿದರೆ? ಇರುವ ಐಟಂನ ಪ್ರಮಾಣ ಹೆಚ್ಚಾಯಿತು, ಅಷ್ಟಕ್ಕೆ ಲಿಖಿತ ಆದೇಶ ಬೇಡ ಎಂದು ಗುತ್ತಿಗೆದಾರ 35ನೇ ಷರತ್ತನ್ನೇ ತೋರಿಸಬಹುದು. ಆ ವಾಕ್ಯ ಇರುವುದು ನಿಜ. ಆದರೆ ಅದರ ಬಾಲದಲ್ಲಿ ಒಂದು ಗಂಟಿದೆ: ಮಾಡಿದ ಕೆಲಸ ಅನುಮೋದಿತ ಡ್ರಾಯಿಂಗಿಗೆ ಹೊಂದಿಕೊಂಡಿರುವವರೆಗೆ ಮಾತ್ರ. ಹನೂರಿನ ಗುಂಡಿಯಲ್ಲಿ ಉದ್ದ, ಅಗಲ, ಆಳ ಡ್ರಾಯಿಂಗಿನಂತೆಯೇ ಇದ್ದವು, ಒಳಗಿನ ನೆಲ ಮಾತ್ರ ಬೇರೆಯಾಗಿತ್ತು. ಯಳಂದೂರಿನಲ್ಲಿ ಆಳವೇ ಡ್ರಾಯಿಂಗನ್ನು ಮೀರಿತು. ಆದ್ದರಿಂದ ಮೊದಲನೆಯದಕ್ಕೆ ವೇರಿಯೇಶನ್ ಆರ್ಡರ್ ಬೇಕಿಲ್ಲ, ಎರಡನೆಯದಕ್ಕೆ ಬೇಕು.

ಕೊಳ್ಳೇಗಾಲದ ಬಾಯಿಮಾತು

ಮೂರನೆಯ ಸಂದರ್ಭಕ್ಕೆ ನೆಲವನ್ನು ದೂರುವಂತಿಲ್ಲ. ಕೊಳ್ಳೇಗಾಲದ ಯಾವುದೋ ಬಡಾವಣೆಯಲ್ಲಿ ಚರಂಡಿ ಕೆಲಸ ನಡೆಯುತ್ತಿದೆ ಎನ್ನಿ. ಪರಿಶೀಲನೆಗೆ ಬಂದ ಅಧಿಕಾರಿಯ ಸುತ್ತ ನಿವಾಸಿಗಳು ಸೇರುತ್ತಾರೆ. “ಇನ್ನೊಂದು ಮೂವತ್ತು ಮೀಟರ್ ಎಳೆದುಬಿಡಿ, ಆ ಮನೆಗಳಿಗೂ ಆಗುತ್ತೆ” ಎಂದು ಅಧಿಕಾರಿ ಹೇಳಿ ಜೀಪು ಹತ್ತುತ್ತಾರೆ. ಗುತ್ತಿಗೆದಾರ ನಿಮ್ಮನ್ನು ನೋಡುತ್ತಾನೆ. “ಮಾಡ್ಬಿಡೋಣ ಸಾರ್, ಬಿಲ್ಲಲ್ಲಿ ನೋಡ್ಕೊಳ್ಳೋಣ.”

ಪುಸ್ತಕ ಇದನ್ನೂ ಮುಂಗಂಡಿದೆ. ಬಾಯಿಮಾತಿನ ಆದೇಶ ಬಂದರೆ ಗುತ್ತಿಗೆದಾರ ಕೂಡಲೇ ಬರವಣಿಗೆಯಲ್ಲಿ ದೃಢೀಕರಣ ಕೇಳಬೇಕು. ಆದೇಶ ಕೊಟ್ಟ ಅಧಿಕಾರಿ 30 ದಿನದೊಳಗೆ ಬರೆದು ಕೊಡಬೇಕು. ಕೊಡದಿದ್ದರೆ ವೇರಿಯೇಶನ್ ಆಗಿಯೇ ಇಲ್ಲ ಎಂಬಂತೆ ಕೆಲಸ ನಡೆಸಬೇಕು. ಒಪ್ಪಿದರೆ ಆ ಆದೇಶದ ಜೊತೆ ಬಿಒಕ್ಯುವೂ ಇರಬೇಕು, ಅಂದರೆ ಎಷ್ಟು ಅಗೆತ, ಎಷ್ಟು ಕಾಂಕ್ರೀಟ್, ಎಷ್ಟು ಸ್ಲ್ಯಾಬ್ ಎಂಬ ಪಟ್ಟಿ. ಇಲ್ಲಿ ಮೊದಲ ಹೊಣೆ ಕೇಳುವವನ ಮೇಲಿದೆ. ಹೇಳಿದವರು ಒಪ್ಪಲಿ ಬಿಡಲಿ, ಕೇಳದೆ ಮಾಡಿದ ಮೂವತ್ತು ಮೀಟರ್ ಗುತ್ತಿಗೆದಾರನ ತಲೆಯ ಮೇಲೆ ಬೀಳುತ್ತದೆ.

ಸೈಟ್ ಇಂಜಿನಿಯರ್ ಎರಡೂ ಕಡೆಯವರಿಗೆ ಉಪಕಾರ ಮಾಡಬಹುದಾದ ಜಾಗ ಇದು. ಅಂದೇ ಸಂಜೆ ಸೈಟ್ ಆರ್ಡರ್ ಬುಕ್ಕಿನಲ್ಲಿ ದಿನಾಂಕ, ಹೇಳಿದವರ ಹುದ್ದೆ, ಎಲ್ಲಿಂದ ಎಲ್ಲಿಗೆ ಎಷ್ಟು ಉದ್ದ ಎಂದು ಬರೆದು, ಅದರ ಪ್ರತಿಯನ್ನು ಮೇಲಕ್ಕೆ ಕಳಿಸಿ, ಗುತ್ತಿಗೆದಾರನಿಗೂ ಪತ್ರ ಬರೆಯಲು ಹೇಳಿದರೆ ಮೂವತ್ತು ದಿನದ ಗಡಿಯಾರ ಓಡಲು ಶುರುವಾಗುತ್ತದೆ. ಆದೇಶ ಬರುವವರೆಗೆ ಚರಂಡಿ ಡ್ರಾಯಿಂಗ್ ಇರುವಲ್ಲಿಗೇ ನಿಲ್ಲಲಿ.

ಗೆರೆಯ ಮಿತಿ

ಶೇ. 125 ಎಂಬುದು ಪ್ರಪಂಚದ ಎಲ್ಲ ಕರಾರುಗಳಲ್ಲೂ ಇರುವ ಅಂಕಿಯಲ್ಲ. ಅಂತರರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಸುವ ಫಿಡಿಕ್ ಸಂಸ್ಥೆಯ 1999ರ ಕೆಂಪು ಪುಸ್ತಕದಲ್ಲಿ ಅಳತೆ ಪಟ್ಟಿಗಿಂತ ಶೇ. 10 ಹೆಚ್ಚೋ ಕಡಿಮೆಯೋ ಆದರೆ ಹೊಸ ದರದ ಮಾತು ಏಳುತ್ತದೆ. ಆದರೆ ಅಷ್ಟೇ ಸಾಲದು. ಆ ವ್ಯತ್ಯಾಸದ ಮೊತ್ತ ಒಪ್ಪಿದ ಕರಾರು ಮೊತ್ತದ ಶೇ. 0.01ನ್ನು ಮೀರಿರಬೇಕು, ಯೂನಿಟ್ ವೆಚ್ಚ ಆ ಕಾರಣದಿಂದಲೇ ಶೇ. 1ಕ್ಕಿಂತ ಹೆಚ್ಚು ಬದಲಾಗಿರಬೇಕು, ಅದು ಬದಲಾಗದ ದರದ ಐಟಂ ಎಂದು ಕರಾರಿನಲ್ಲಿ ಹೇಳಿರಬಾರದು. ವೆಚ್ಚ ನಿಜವಾಗಿ ಬದಲಾಯಿತೇ ಎಂದು ಅಲ್ಲಿ ಸಾಬೀತು ಮಾಡಬೇಕು. ನಮ್ಮದು ಆ ವಾದಕ್ಕೇ ಹೋಗದೆ ಎಸ್.ಆರ್. ಎಂಬ ಅಚ್ಚಾದ ಪುಸ್ತಕವನ್ನು ಮುಂದಿಡುತ್ತದೆ. ತಾಲ್ಲೂಕು ಮಟ್ಟದ ಸಣ್ಣ ಕಾಮಗಾರಿಗೆ ಇದು ಹೆಚ್ಚು ಹೊಂದುವ ದಾರಿ. ದರ ಕಟ್ಟುವುದು ಒಂದು ಪುಟ ತಿರುವಿ ಒಂದು ಗುಣಾಕಾರ ಮಾಡಿದರೆ ಮುಗಿಯುತ್ತದೆ.

ಹಾಗೆಂದು ಎಲ್ಲವೂ ಇದರಲ್ಲಿ ಅಡಗಿಲ್ಲ. ಪ್ರಮಾಣ ತುಂಬಾ ಕಡಿಮೆಯಾದರೆ ಏನು ಎಂಬುದಕ್ಕೆ 36ನೇ ಷರತ್ತಿನಲ್ಲಿ ದರ ಬದಲಿಸುವ ಮಾತಿಲ್ಲ. ಹನೂರಿನ ಗುಂಡಿಯಲ್ಲಿ ಮಣ್ಣು 240ರ ಬದಲು 120 ಬಂತು, ಅದಕ್ಕೆ 150 ರೂಪಾಯಿಯಂತೆ 18,000 ಸಂದಿತು, ಅಲ್ಲಿಗೆ ಆಯಿತು. ಗೆರೆಯನ್ನು ಎಳೆಯುವುದು ಐಟಂ ಐಟಂಗೆ, ಇಡೀ ಕಾಮಗಾರಿಗಲ್ಲ. ಒಟ್ಟು ಬಿಲ್ ಕರಾರಿನ ಮೊತ್ತದೊಳಗೇ ಇದ್ದರೂ ಒಂದು ಐಟಂ ಮಾತ್ರ ಗೆರೆ ದಾಟಿರಬಹುದು. ಒಟ್ಟನ್ನು ನೋಡಿ ಸುಮ್ಮನಿದ್ದವರಿಗೆ ಅದು ಕಾಣುವುದಿಲ್ಲ.

ಆದ್ದರಿಂದ ಪ್ರತಿ ರನ್ನಿಂಗ್ ಬಿಲ್ ಮಾಡುವಾಗ ನಿಮ್ಮ ಹಾಳೆಯಲ್ಲಿ ಇಲಾಖೆ ಕೇಳದ ಒಂದು ಅಂಕಣವನ್ನು ನೀವಾಗಿಯೇ ಸೇರಿಸಿಕೊಳ್ಳಿ: ಇಲ್ಲಿಯವರೆಗೆ ಮಾಡಿದ ಪ್ರಮಾಣ ಬಿಒಕ್ಯುವಿನ ಶೇಕಡಾ ಎಷ್ಟು. ಆ ಅಂಕಿ ನೂರನ್ನು ಮುಟ್ಟಿದ ದಿನವೇ, ಇನ್ನೆಷ್ಟು ಬಾಕಿಯಿದೆ, ಯಾವ ಕಾರಣಕ್ಕೆ ಎಂದು ಮೇಲಕ್ಕೆ ಬರೆಯಿರಿ. ಹನೂರಿನ ಗುಂಡಿಯ ಲೆಕ್ಕದಲ್ಲಿ ಅದು 80ನೇ ಘನ ಮೀಟರ್ ಒಡೆದ ದಿನ. ಗೆರೆ ಇರುವುದು 100ರಲ್ಲಿ. ನಡುವಿನ 20 ಘನ ಮೀಟರ್ ಒಡೆಯುವಷ್ಟು ದಿನಗಳಲ್ಲಿ ಪತ್ರ ಹೋಗಿ ಉತ್ತರ ಬಂದರೆ, ದರ ಬದಲಾಗುವ ವಿಷಯ ಎರಡೂ ಕಡೆಯವರಿಗೆ ಗೊತ್ತಿದ್ದೇ ಮುಂದಿನ ಕಲ್ಲು ಒಡೆಯುತ್ತದೆ.